ಟ್ರಾನ್ಸ್‌ಫಾರ್ಮರ್ ಲೋಡ್ ಟೆಸ್ಟ್: ಅರ್ಧ ಲೋಡ್‌ನಲ್ಲಿ 22 ವ್ಯಾಟ್ ಲಾಸ್ ಹೇಗೆ ಬಂತು?

ಡಿಪ್ಲೊಮಾ ಎಲೆಕ್ಟ್ರಿಕಲ್ ಓದುವವರಿಗೆಲ್ಲ ಮಷೀನ್ಸ್ ಲ್ಯಾಬ್‌ನಲ್ಲಿ ಸಿಂಗಲ್ ಫೇಸ್ ಟ್ರಾನ್ಸ್‌ಫಾರ್ಮರ್ ಮೇಲೆ ಎರಡು ಪ್ರಯೋಗ ಬಂದೇ ಬರುತ್ತವೆ. ಒಂದು ಓಪನ್ ಸರ್ಕ್ಯೂಟ್ ಮತ್ತು ಶಾರ್ಟ್ ಸರ್ಕ್ಯೂಟ್ ಟೆಸ್ಟ್. ಇದರಲ್ಲಿ ಲಾಸ್ ಮಾತ್ರ ಅಳೆದು ಎಫಿಶಿಯೆನ್ಸಿಯನ್ನು ಲೆಕ್ಕ ಹಾಕಿ ತೆಗೆಯುತ್ತೇವೆ. ಇನ್ನೊಂದು ನೇರ ಲೋಡ್ ಟೆಸ್ಟ್. ಇದರಲ್ಲಿ ಒಳಗೆ ಹೋದ ಪವರ್ ಮತ್ತು ಹೊರಗೆ ಬಂದ ಪವರ್ ಎರಡನ್ನೂ ಮೀಟರ್‌ನಲ್ಲಿ ಓದಿ ಭಾಗಿಸುತ್ತೇವೆ. ರೆಕಾರ್ಡ್ ಪುಸ್ತಕದ ಕೊನೆಯಲ್ಲಿ ಎರಡನ್ನೂ ಹೋಲಿಸಿ ಕನ್‌ಕ್ಲೂಷನ್ ಬರೆಯಬೇಕು. ಹಳೆಯ ರೆಕಾರ್ಡ್ ತೆರೆದು ನೋಡಿದರೆ ಆ ಜಾಗದಲ್ಲಿ ಹೆಚ್ಚಾಗಿ ಇರುವುದು ಎರಡೇ ಸಾಲು: ಅಳೆದ ಎಫಿಶಿಯೆನ್ಸಿ ಲೆಕ್ಕದ ಎಫಿಶಿಯೆನ್ಸಿಗೆ ಹತ್ತಿರವಿದೆ, ಇರುವ ಸ್ವಲ್ಪ ವ್ಯತ್ಯಾಸಕ್ಕೆ ಮೀಟರ್ ಓದುವಾಗಿನ ತಪ್ಪು ಕಾರಣ.

ನಮ್ಮ ಬ್ಯಾಚ್‌ಗೆ ಬಂದ ರೀಡಿಂಗ್‌ಗಳಿಗೆ ಆ ಎರಡು ಸಾಲು ಅಂಟಿಸುವ ಹಾಗಿರಲಿಲ್ಲ. ಅರ್ಧ ಲೋಡ್‌ನಲ್ಲಿ ಅಳೆದ ಎಫಿಶಿಯೆನ್ಸಿ ಲೆಕ್ಕಕ್ಕಿಂತ ಜಾಸ್ತಿ ಬಂತು, ಫುಲ್ ಲೋಡ್‌ನಲ್ಲಿ ಕಮ್ಮಿ ಬಂತು. ಒಂದೇ ಕಾರಣದಿಂದ ಎರಡೂ ಆಗುವುದು ಕಷ್ಟ, ಅಲ್ವಾ? ಹಾಗಾಗಿ ರೆಕಾರ್ಡ್‌ಗೆ ಇಳಿಸುವ ಮೊದಲು ಪ್ರತಿ ಅಂಕಿಯ ಹಿಂದೆ ಹೋದೆವು. ಏನು ಮಾಡಿದೆವು, ಏನು ಸಿಕ್ಕಿತು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಟ್ರಾನ್ಸ್‌ಫಾರ್ಮರ್ ಮತ್ತು ಮೊದಲ ಎರಡು ಟೆಸ್ಟ್

ಲ್ಯಾಬ್‌ನಲ್ಲಿರುವುದು 1 ಕೆವಿಎ, 230/115 ವೋಲ್ಟ್, 50 ಹರ್ಟ್ಸ್‌ನ ಗಾಳಿಯಲ್ಲೇ ತಣ್ಣಗಾಗುವ ಟ್ರಾನ್ಸ್‌ಫಾರ್ಮರ್. ಫುಲ್ ಲೋಡ್ ಕರೆಂಟ್ 230 ವೋಲ್ಟ್ ಕಡೆ 4.35 ಆಂಪಿಯರ್, 115 ವೋಲ್ಟ್ ಕಡೆ 8.7 ಆಂಪಿಯರ್. ಸಪ್ಲೈ ಡಿಮ್ಮರ್‌ಸ್ಟಾಟ್ ಮೂಲಕ ಬರುತ್ತದೆ.

ಓಪನ್ ಸರ್ಕ್ಯೂಟ್ ಟೆಸ್ಟ್ ಅನ್ನು 115 ವೋಲ್ಟ್ ಕಡೆಯಿಂದ ಮಾಡಿದೆವು. ಇನ್ನೊಂದು ಕಡೆ ಖಾಲಿ ಬಿಟ್ಟು ಸರಿಯಾಗಿ 115 ವೋಲ್ಟ್ ಕೊಟ್ಟಾಗ ಕರೆಂಟ್ 0.62 ಆಂಪಿಯರ್, ವ್ಯಾಟ್‌ಮೀಟರ್‌ನಲ್ಲಿ 28 ವ್ಯಾಟ್. ಇಲ್ಲಿ ಪವರ್ ಫ್ಯಾಕ್ಟರ್ 0.4ರ ಆಸುಪಾಸಿನಲ್ಲಿರುತ್ತದೆ, ಮಾಮೂಲಿ ವ್ಯಾಟ್‌ಮೀಟರ್ ಹಾಕಿದರೆ ಮುಳ್ಳು ಏಳುವುದೇ ಇಲ್ಲ. ಅದಕ್ಕೆ ಕಡಿಮೆ ಪವರ್ ಫ್ಯಾಕ್ಟರ್‌ಗೆಂದೇ ಇರುವ ಎಲ್‌ಪಿಎಫ್ ವ್ಯಾಟ್‌ಮೀಟರ್ ಬಳಸಿದೆವು. ಅದರ ಪೂರ್ತಿ ಸ್ಕೇಲ್ 75 ವ್ಯಾಟ್ ಅಷ್ಟೇ, ಹಾಗಾಗಿ 28 ಅನ್ನುವುದು ಸ್ಕೇಲ್‌ನ ನಡುವಿಗೆ ಹತ್ತಿರ ಬಂದು ಆರಾಮಾಗಿ ಓದಲು ಸಿಗುತ್ತದೆ.

ಶಾರ್ಟ್ ಸರ್ಕ್ಯೂಟ್ ಟೆಸ್ಟ್ 230 ವೋಲ್ಟ್ ಕಡೆಯಿಂದ. 115 ವೋಲ್ಟ್ ಕಡೆಯನ್ನು ದಪ್ಪ ತಂತಿಯಿಂದ ಶಾರ್ಟ್ ಮಾಡಿ, ಡಿಮ್ಮರ್‌ಸ್ಟಾಟ್ ಅನ್ನು ಸೊನ್ನೆಯಿಂದ ನಿಧಾನಕ್ಕೆ ಏರಿಸಿದರೆ 13.5 ವೋಲ್ಟ್‌ಗೇ 4.35 ಆಂಪಿಯರ್ ಬಂತು. ವ್ಯಾಟ್‌ಮೀಟರ್ 46 ವ್ಯಾಟ್ ತೋರಿಸಿತು. ಇಲ್ಲಿ ಆ ಶಾರ್ಟ್ ಮಾಡುವ ತಂತಿಯ ಬಗ್ಗೆ ಒಂದು ಮಾತು. ತೆಳು ತಂತಿ ಹಾಕಿದರೆ ಅಥವಾ ಟರ್ಮಿನಲ್ ಸಡಿಲ ಇದ್ದರೆ ಅಲ್ಲಿ 0.02 ಓಮ್ ಸೇರಿಕೊಂಡರೂ 8.7 ಆಂಪಿಯರ್‌ಗೆ ಒಂದೂವರೆ ವ್ಯಾಟ್ ಅಲ್ಲೇ ಸುಡುತ್ತದೆ, ಅದು ಟ್ರಾನ್ಸ್‌ಫಾರ್ಮರ್‌ನ ಕಾಪರ್ ಲಾಸ್ ಲೆಕ್ಕಕ್ಕೆ ಹೋಗಿಬಿಡುತ್ತದೆ. ಟರ್ಮಿನಲ್ ಬಿಗಿ ಮಾಡಿದ ಮೇಲೆ ಮುಳ್ಳು ಇಳಿಯುತ್ತದೆಯೇ ಅಂತ ಒಮ್ಮೆ ನೋಡಿಕೊಂಡರೆ ಸಾಕು. ನಮ್ಮದು ಇಳಿಯಲಿಲ್ಲ.

ಇಷ್ಟಾದರೆ ಲೆಕ್ಕ ಸುಲಭ. ಐರನ್ ಲಾಸ್ ಎಲ್ಲಾ ಲೋಡ್‌ಗೂ 28 ವ್ಯಾಟ್ ಅಂತ ಹಿಡಿಯುತ್ತೇವೆ, ಕಾಪರ್ ಲಾಸ್ ಕರೆಂಟಿನ ವರ್ಗಕ್ಕೆ ತಕ್ಕ ಹಾಗೆ ಬದಲಾಗುತ್ತದೆ.

```
x    = I2 / 8.7
loss = 28 + 46 * x^2
eff  = V2*I2 / (V2*I2 + loss) * 100
```

ಇದರಲ್ಲಿ ಗಮನಿಸಬೇಕಾದ್ದು ಕೊನೆಯ ಸಾಲು. ಹೆಚ್ಚಿನವರು ಔಟ್‌ಪುಟ್ ಜಾಗದಲ್ಲಿ ಅರ್ಧ ಲೋಡ್‌ಗೆ ಸುಮ್ನೆ 500, ಫುಲ್ ಲೋಡ್‌ಗೆ 1000 ಅಂತ ಹಾಕುತ್ತಾರೆ. ಪಠ್ಯದಲ್ಲಿ ಹಾಗೇ ಇದೆ, ತಪ್ಪಲ್ಲ. ಆದರೆ ಲೋಡ್ ಟೆಸ್ಟ್‌ನಲ್ಲಿ ಫುಲ್ ಲೋಡ್ ಕರೆಂಟ್ ಹರಿಯುವಾಗ ಸೆಕೆಂಡರಿ ವೋಲ್ಟೇಜ್ 115 ಉಳಿದಿರುವುದಿಲ್ಲ, ನಮ್ಮಲ್ಲಿ 109ಕ್ಕೆ ಇಳಿದಿತ್ತು. ಅಂದರೆ ನಿಜವಾದ ಔಟ್‌ಪುಟ್ 948 ವ್ಯಾಟ್. ಹೋಲಿಸುವುದೇ ಉದ್ದೇಶ ಆದರೆ ಎರಡೂ ಕಡೆ ಅದೇ ಕರೆಂಟ್, ಅದೇ ಔಟ್‌ಪುಟ್ ಇರಬೇಕು. 1000 ಹಾಕಿದರೆ 93.1 ಶೇಕಡಾ ಬರುತ್ತದೆ, 948 ಹಾಕಿದರೆ 92.8. ನಾವು ಹುಡುಕುತ್ತಿರುವ ವ್ಯತ್ಯಾಸವೇ ಅರ್ಧ, ಒಂದು ಶೇಕಡಾ ಇರುವಾಗ ಈ 0.3 ಕಡೆಗಣಿಸುವಷ್ಟು ಚಿಕ್ಕದಲ್ಲ.

ಲೋಡ್ ಟೆಸ್ಟ್

ಪ್ರೈಮರಿ ಕಡೆ 300 ವೋಲ್ಟ್, 5 ಆಂಪಿಯರ್ ವ್ಯಾಟ್‌ಮೀಟರ್. ಅದರ ಸ್ಕೇಲ್ 750ಕ್ಕೆ ಮುಗಿಯುತ್ತದೆ, ಓದಿದ್ದನ್ನು 2ರಿಂದ ಗುಣಿಸಬೇಕು. ಸೆಕೆಂಡರಿ ಕಡೆ 0–150 ವೋಲ್ಟ್‌ಮೀಟರ್, 0–10 ಆಂಪಿಯರ್‌ನ ಮೂವಿಂಗ್ ಐರನ್ ಆಮೀಟರ್, ಮುಂದೆ ಲೋಡಿಂಗ್ ರಿಯೊಸ್ಟಾಟ್. ಲೋಡ್ ಬರೀ ರೆಸಿಸ್ಟೆನ್ಸ್ ಆದ್ದರಿಂದ ಔಟ್‌ಪುಟ್‌ಗೆ ಇನ್ನೊಂದು ವ್ಯಾಟ್‌ಮೀಟರ್ ಬೇಡ, ವೋಲ್ಟ್ ಮತ್ತು ಆಂಪಿಯರ್ ಗುಣಿಸಿದರೆ ಆಯಿತು. ಲೋಡ್ ಹಾಕಿದ ಹಾಗೆಲ್ಲ ಸಪ್ಲೈ ವೋಲ್ಟೇಜ್ ಸ್ವಲ್ಪ ಕುಸಿಯುತ್ತದೆ, ಪ್ರತಿ ಸಲ ಡಿಮ್ಮರ್‌ಸ್ಟಾಟ್ ತಿರುಗಿಸಿ 230ಕ್ಕೆ ತಂದ ಮೇಲೆಯೇ ಓದಬೇಕು.

ಅರ್ಧ ಲೋಡ್: 112 ವೋಲ್ಟ್, 4.4 ಆಂಪಿಯರ್. ಔಟ್‌ಪುಟ್ 493 ವ್ಯಾಟ್. ವ್ಯಾಟ್‌ಮೀಟರ್ 257.5, ಅಂದರೆ ಇನ್‌ಪುಟ್ 515. ಎಫಿಶಿಯೆನ್ಸಿ 95.7 ಶೇಕಡಾ. ಲೆಕ್ಕದ ಪ್ರಕಾರ ಬರಬೇಕಾದ್ದು 92.5.

ಫುಲ್ ಲೋಡ್: 109 ವೋಲ್ಟ್, 8.7 ಆಂಪಿಯರ್. ಔಟ್‌ಪುಟ್ 948. ವ್ಯಾಟ್‌ಮೀಟರ್ 514, ಇನ್‌ಪುಟ್ 1028. ಎಫಿಶಿಯೆನ್ಸಿ 92.2. ಲೆಕ್ಕದ್ದು 92.8.

ಬರೀ ಶೇಕಡಾ ನೋಡಿದರೆ ಎಲ್ಲ ಚೆನ್ನಾಗಿಯೇ ಇದೆ ಅನ್ನಿಸುತ್ತದೆ. 95.7, 92.5, 92.2, ಎಲ್ಲವೂ ತೊಂಬತ್ತರ ಮೇಲೆ, ಗ್ರಾಫ್ ಹಾಕಿದರೆ ಎರಡು ಗೆರೆಗಳೂ ಅಕ್ಕಪಕ್ಕದಲ್ಲೇ ಓಡುತ್ತವೆ, ಸ್ಕೇಲ್ ಸೊನ್ನೆಯಿಂದ ನೂರಕ್ಕೆ ಹಾಕಿದರೆ ಒಂದರ ಮೇಲೊಂದು ಕೂತ ಹಾಗೇ ಕಾಣುತ್ತದೆ. ಸಹಿ ಸಿಗುವುದು ಖಂಡಿತ. ಆದರೆ ನನ್ನ ಪಕ್ಕ ಕೂತಿದ್ದ ಗೆಳತಿ ಟೇಬಲ್‌ನಲ್ಲಿ ಇನ್ನೊಂದು ಕಾಲಂ ಎಳೆದಳು: ಇನ್‌ಪುಟ್ ಕಳೆಯುವುದು ಔಟ್‌ಪುಟ್. ಅರ್ಧ ಲೋಡ್‌ನ ಸಾಲಿನಲ್ಲಿ 22 ಬಂತು.

22 ವ್ಯಾಟ್. ಇದೇ ಟ್ರಾನ್ಸ್‌ಫಾರ್ಮರ್ ಖಾಲಿ ನಿಂತಾಗಲೇ 28 ವ್ಯಾಟ್ ತಿನ್ನುತ್ತದೆ. ಲೋಡ್ ಹಾಕಿದ ಮೇಲೆ ಅದಕ್ಕೆ ಕಾಪರ್ ಲಾಸ್ ಸೇರಬೇಕು, ಒಟ್ಟು 40 ಆಗಬೇಕು. ಕಮ್ಮಿ ಆಗಲು ಸಾಧ್ಯವೇ ಇಲ್ಲ. ಕಾಲು ಲೋಡ್‌ನ ಸಾಲೂ ಹಾಗೇ: 25 ವ್ಯಾಟ್. ಮುಕ್ಕಾಲು ಲೋಡ್‌ನಲ್ಲೂ ಲೆಕ್ಕಕ್ಕಿಂತ ಹತ್ತು ವ್ಯಾಟ್ ಕಡಿಮೆ. ಎಫಿಶಿಯೆನ್ಸಿ ಕಾಲಂನಲ್ಲಿ ಅಡಗಿದ್ದ ತೊಂದರೆ ಲಾಸ್ ಕಾಲಂನಲ್ಲಿ ಎದ್ದು ಕಂಡಿತು. ಈ ಪ್ರಯೋಗ ಮಾಡುವವರು ಟೇಬಲ್‌ಗೆ ಮೊದಲು ಸೇರಿಸಬೇಕಾದ್ದು ಆ ಕಾಲಂ. ಯಾವ ಲೋಡ್‌ನಲ್ಲೇ ಆಗಲಿ ಅಳೆದ ಲಾಸ್ ಓಪನ್ ಸರ್ಕ್ಯೂಟ್ ವ್ಯಾಟ್‌ಗಿಂತ ಕೆಳಗೆ ಹೋದರೆ ಯಾವುದೋ ಮೀಟರ್ ಸುಳ್ಳು ಹೇಳುತ್ತಿದೆ ಅಂತಲೇ ಅರ್ಥ.

ಯಾವ ಮೀಟರ್?

ಮೂರು ಮೀಟರ್‌ಗಳ ಮೇಲೆ ಅನುಮಾನ: ವ್ಯಾಟ್‌ಮೀಟರ್, ವೋಲ್ಟ್‌ಮೀಟರ್, ಆಮೀಟರ್. ಮೊದಲು ಪ್ರತಿಯೊಂದರ ಡಯಲ್‌ನ ಕೆಳ ಮೂಲೆಯಲ್ಲಿ ಸಣ್ಣದಾಗಿ ಅಚ್ಚಾಗಿರುವ ಅಂಕಿ ನೋಡಿದೆವು. ಸೊನ್ನೆ ಸರಿ ಇದೆಯಾ ಅಂತ ನೋಡುತ್ತೇವೆ, ಕನ್ನಡಿಯಲ್ಲಿ ಮುಳ್ಳಿನ ಬಿಂಬ ಕಾಣದ ಹಾಗೆ ತಲೆ ನೇರ ಇಟ್ಟು ಓದುತ್ತೇವೆ, ಆದರೆ ಈ ಅಂಕಿಯನ್ನು ಯಾರೂ ನೋಡುವುದಿಲ್ಲ. ಅದು ಮೀಟರ್‌ನ ಅಕ್ಯುರಸಿ ಕ್ಲಾಸ್. ನಮ್ಮ ದೇಶದಲ್ಲಿ ಮುಳ್ಳಿನ ಮೀಟರ್‌ಗಳಿಗೆ ಐಎಸ್ 1248 ಅನ್ನುವ ಮಾನದಂಡ ಇದೆ, ಅದರ ಕ್ಲಾಸ್ ಇದು. ವ್ಯಾಟ್‌ಮೀಟರ್ ಮೇಲೆ 0.5, ವೋಲ್ಟ್‌ಮೀಟರ್ ಮೇಲೆ 1, 10 ಆಂಪಿಯರ್ ಆಮೀಟರ್ ಮೇಲೆ 1.5 ಇತ್ತು.

1.5 ಅಂದರೆ ಒಂದೂವರೆ ಶೇಕಡಾ ತಪ್ಪು ಇರಬಹುದು. ಆದರೆ ಯಾವುದರ ಒಂದೂವರೆ ಶೇಕಡಾ? ಓದಿದ ರೀಡಿಂಗ್‌ನದ್ದಲ್ಲ, ಪೂರ್ತಿ ಸ್ಕೇಲ್‌ನದ್ದು. 10 ಆಂಪಿಯರ್‌ನ 1.5 ಶೇಕಡಾ, 0.15 ಆಂಪಿಯರ್. ಮುಳ್ಳು ಸ್ಕೇಲ್‌ನ ಎಲ್ಲೇ ನಿಂತಿರಲಿ ಅಷ್ಟು ತಪ್ಪಿಗೆ ಮೀಟರ್‌ಗೆ ಅನುಮತಿ ಇದೆ. 8.7ರಲ್ಲಿ ನಿಂತಾಗ ಅದು 1.7 ಶೇಕಡಾ. 4.4ರಲ್ಲಿ ನಿಂತಾಗ 3.4 ಶೇಕಡಾ. ಕಾಲು ಲೋಡ್‌ನ 2.2ರಲ್ಲಿ ಸುಮಾರು 7 ಶೇಕಡಾ! ಮೀಟರ್ ಕೆಟ್ಟಿರಬೇಕಾಗಿಯೂ ಇಲ್ಲ, ತನ್ನ ಕ್ಲಾಸ್‌ನ ಒಳಗೇ ಇದ್ದುಕೊಂಡು ಅರ್ಧ ಲೋಡ್‌ನಲ್ಲಿ ಔಟ್‌ಪುಟ್ ಅನ್ನು 17 ವ್ಯಾಟ್ ಆಚೀಚೆ ಮಾಡಬಹುದು. ನಮಗೆ ಕಾಣೆಯಾಗಿದ್ದದ್ದು 18 ವ್ಯಾಟ್.

ಇದು ಬರೀ ಊಹೆ ಆಗಬಾರದಲ್ಲ. ಸ್ಟೋರ್‌ನಿಂದ ಕ್ಲಾಸ್ 1ರ 0–5 ಆಂಪಿಯರ್ ಆಮೀಟರ್ ತಂದು, ಹಳೆಯ 10 ಆಂಪಿಯರ್ ಮೀಟರ್ ಜೊತೆ ಸೀರೀಸ್‌ನಲ್ಲಿ ಹಾಕಿದೆವು. ಸೀರೀಸ್ ಅಂದಮೇಲೆ ಎರಡರಲ್ಲೂ ಹರಿಯುವುದು ಒಂದೇ ಕರೆಂಟ್, ವಾದಕ್ಕೆ ಜಾಗವೇ ಇಲ್ಲ. ರಿಯೊಸ್ಟಾಟ್ ಅನ್ನು ಮೊದಲಿನ ಅರ್ಧ ಲೋಡ್ ಜಾಗಕ್ಕೇ ತಂದು ಎರಡೂ ಡಯಲ್‌ಗಳ ಮೇಲೆ ಬಗ್ಗಿ ನೋಡಿದರೆ, ಹಳೆಯದರ ಮುಳ್ಳು 4.4ರ ಗೆರೆಯ ಮೇಲೆ, ಹೊಸದರ ಮುಳ್ಳು 4.3ಕ್ಕೆ ಕೂದಲೆಳೆಯಷ್ಟು ಕೆಳಗೆ. 4.28 ಅಂತ ಬರೆದುಕೊಂಡೆವು. ಕಾಲು ಲೋಡ್‌ನಲ್ಲಿ ಹಳೆಯದು 2.2, ಹೊಸದು 2.15. ನಡುವಿನ ಭಾಗದಲ್ಲಿ ಹಳೆಯ ಮೀಟರ್ ಜಾಸ್ತಿ ತೋರಿಸುತ್ತಿದೆ ಅನ್ನುವುದು ಖಚಿತವಾಯಿತು.

ಈಗ ಅರ್ಧ ಲೋಡ್ ಮತ್ತೆ ಲೆಕ್ಕ ಹಾಕೋಣ. 112 ಗುಣಿಸು 4.28, ಔಟ್‌ಪುಟ್ 479. ಇನ್‌ಪುಟ್ ಅದೇ 515. ಲಾಸ್ 36 ವ್ಯಾಟ್, ಎಫಿಶಿಯೆನ್ಸಿ 93.1. ಅದೇ ಕರೆಂಟ್‌ಗೆ ಲೆಕ್ಕದ ಲಾಸ್ 39, ಎಫಿಶಿಯೆನ್ಸಿ 92.5. ಕಾಲು ಲೋಡ್‌ನಲ್ಲೂ ಅಳೆದ ಲಾಸ್ 31ಕ್ಕೆ ಬಂತು, ಲೆಕ್ಕದ್ದೂ 31. ಮುಕ್ಕಾಲು ಲೋಡ್‌ನ 6.5 ಆಂಪಿಯರ್‌ಗೆ 5 ಆಂಪಿಯರ್ ಮೀಟರ್ ಹಾಕುವ ಹಾಗಿಲ್ಲ, ಆ ಸಾಲನ್ನು ರೆಕಾರ್ಡ್‌ನಲ್ಲಿ ಹಾಗೇ ಇಟ್ಟು ಪಕ್ಕದಲ್ಲಿ ಆಮೀಟರ್ ಅನುಮಾನ ಅಂತ ಬರೆದಿದ್ದೇವೆ. ರೀಡಿಂಗ್ ತಿದ್ದಿಲ್ಲ. ಗ್ರಾಫ್ ಚೆನ್ನಾಗಿ ಬರಲಿ ಅಂತ ರೀಡಿಂಗ್ ತಿದ್ದುವುದು ಲ್ಯಾಬ್‌ಗಳಲ್ಲಿ ನಡೆಯುತ್ತದೆ, ಅದು ನನಗೆ ಸ್ವಲ್ಪವೂ ಇಷ್ಟವಿಲ್ಲ. ತಿದ್ದಿದ್ದರೆ ಈ ಆಮೀಟರ್‌ನ ವಿಷಯ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಮುಂದಿನ ಬ್ಯಾಚ್‌ನವರೂ ಅದೇ ಮೀಟರ್ ಹಿಡಿದು ಕೂರುತ್ತಿದ್ದರು.

ಹಾಗಾದರೆ ನೇರವಾಗಿ ಅಳೆದದ್ದನ್ನು ಎಷ್ಟು ನಂಬಬೇಕು?

ಇಲ್ಲಿಗೆ ಬಂದಾಗ ನಮ್ಮ ಲ್ಯಾಬ್ ಸರ್ ಒಂದು ಪ್ರಶ್ನೆ ಕೇಳಿದರು. "ನೀವು ಲೆಕ್ಕದ ಎಫಿಶಿಯೆನ್ಸಿಯನ್ನು ಸರಿ ಅಂತ ಇಟ್ಟುಕೊಂಡು ಅಳೆದದ್ದನ್ನು ತಪ್ಪು ಅಂತಿದ್ದೀರಲ್ಲ, ಯಾವ ಧೈರ್ಯದ ಮೇಲೆ? ಅಳೆದದ್ದೇ ನಿಜ, ಲೆಕ್ಕ ಬರೀ ಅಂದಾಜು ಅಂತ ಯಾಕೆ ಹೇಳಬಾರದು?"

ನ್ಯಾಯವಾದ ಪ್ರಶ್ನೆ. ನಾನೂ ಮೊದಲಿಂದ ಹಾಗೇ ಅಂದುಕೊಂಡಿದ್ದೆ, ನೇರವಾಗಿ ಅಳೆದದ್ದಕ್ಕಿಂತ ನಂಬಿಕಸ್ತ ಬೇರೆ ಏನಿದೆ ಅಂತ. ಆದರೆ ಈ ಒಂದು ವಿಷಯದಲ್ಲಿ ಅದು ತಲೆಕೆಳಗು.

ಸಕ್ಕರೆ ಕಾರ್ಖಾನೆಯ ವೇಬ್ರಿಡ್ಜ್ ಮೇಲೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಅನ್ನು ಡ್ರೈವರ್ ಕೂತಾಗ ಒಮ್ಮೆ, ಇಳಿದಾಗ ಒಮ್ಮೆ ತೂಗಿ, ಎರಡನ್ನೂ ಕಳೆದು ಡ್ರೈವರ್‌ನ ತೂಕ ಹೇಳಿ ಅಂದರೆ ಏನಾಗುತ್ತದೆ? ವೇಬ್ರಿಡ್ಜ್ ಕಬ್ಬಿಗೆ ಸರಿಯಾಗಿಯೇ ಇದೆ, ಡ್ರೈವರ್‌ಗೆ ಅಲ್ಲ. ಲೋಡ್ ಟೆಸ್ಟ್‌ನಲ್ಲಿ ನಾವು ಮಾಡುವುದು ಇದೇ. 515ರಲ್ಲಿ 479 ಕಳೆದು 36 ತೆಗೆಯುತ್ತೇವೆ. ಎರಡು ದೊಡ್ಡ ಅಂಕಿಗಳ ಸಣ್ಣ ತಪ್ಪುಗಳೆಲ್ಲ ಬಂದು ಆ ಪುಟ್ಟ 36ರ ತಲೆಯ ಮೇಲೆ ಕೂರುತ್ತವೆ.

ಎಷ್ಟು ಅಂತ ಲೆಕ್ಕ ಹಾಕಿದೆವು. ಒಳ್ಳೆಯ 5 ಆಂಪಿಯರ್ ಆಮೀಟರ್ ಹಾಕಿದ ಮೇಲಿನ ಅರ್ಧ ಲೋಡ್ ಇದು. ವ್ಯಾಟ್‌ಮೀಟರ್‌ನ ಪೂರ್ತಿ ಸ್ಕೇಲ್ 1500 ವ್ಯಾಟ್, ಅದರ ಅರ್ಧ ಶೇಕಡಾ 7.5 ವ್ಯಾಟ್. ಆಮೀಟರ್‌ನಿಂದ 0.05 ಆಂಪಿಯರ್, ಅದನ್ನು 112ರಿಂದ ಗುಣಿಸಿದರೆ 5.6 ವ್ಯಾಟ್. ವೋಲ್ಟ್‌ಮೀಟರ್‌ನಿಂದ 1.5 ವೋಲ್ಟ್, 4.28ರಿಂದ ಗುಣಿಸಿದರೆ 6.4 ವ್ಯಾಟ್. ಮೂರೂ ಒಂದೇ ಕಡೆಗೆ ತಪ್ಪಿದರೆ ಸುಮಾರು 20 ವ್ಯಾಟ್. ಅಂದರೆ ನಮ್ಮ ಲಾಸ್ 36, ಜೊತೆಗೆ 20 ಆಚೆ ಅಥವಾ ಈಚೆ. ಎಫಿಶಿಯೆನ್ಸಿಯಾಗಿ ಹೇಳಿದರೆ 93.1, ಸುಮಾರು 4 ಶೇಕಡಾ ಆಚೀಚೆ. ಮೂರು ಮೀಟರ್‌ಗಳೂ ಒಟ್ಟಿಗೆ ಒಂದೇ ಕಡೆ ತಪ್ಪುವುದು ಅಪರೂಪ ನಿಜ, ಆದರೂ ಒಂದೆರಡು ಶೇಕಡಾ ಅನುಮಾನ ಉಳಿದೇ ಉಳಿಯುತ್ತದೆ.

ಈಗ ಲೆಕ್ಕದ ಕಡೆ ನೋಡಿ. ಎಲ್‌ಪಿಎಫ್ ವ್ಯಾಟ್‌ಮೀಟರ್ ಕ್ಲಾಸ್ 1ರದ್ದು, 75 ವ್ಯಾಟ್ ಸ್ಕೇಲ್‌ಗೆ ಮುಕ್ಕಾಲು ವ್ಯಾಟ್ ತಪ್ಪು. ಶಾರ್ಟ್ ಸರ್ಕ್ಯೂಟ್ ಟೆಸ್ಟ್‌ನಲ್ಲಿ ಅದೇ ಕ್ಲಾಸ್ 0.5 ವ್ಯಾಟ್‌ಮೀಟರ್ ಅನ್ನು 75 ವೋಲ್ಟ್ ರೇಂಜ್‌ನಲ್ಲಿ ಬಳಸಿದ್ದರಿಂದ ಪೂರ್ತಿ ಸ್ಕೇಲ್ 375 ವ್ಯಾಟ್, ತಪ್ಪು 2 ವ್ಯಾಟ್‌ಗೂ ಕಮ್ಮಿ. ಅರ್ಧ ಲೋಡ್‌ಗೆ ಬಂದಾಗ ಅದು ಕಾಲು ಭಾಗ, ಅರ್ಧ ವ್ಯಾಟ್. ಒಟ್ಟು ಲಾಸ್ 39, ಹೆಚ್ಚೆಂದರೆ ಒಂದೂವರೆ ವ್ಯಾಟ್ ಆಚೀಚೆ. ಎಫಿಶಿಯೆನ್ಸಿಯಲ್ಲಿ 0.3 ಶೇಕಡಾ. ಮೀಟರ್‌ಗಳು ಹೆಚ್ಚು ಕಮ್ಮಿ ಅದೇ ಗುಣಮಟ್ಟದವು. ವ್ಯತ್ಯಾಸ ಇಷ್ಟೇ: ಇಲ್ಲಿ ಅವು ಲಾಸ್ ಅನ್ನೇ ನೇರವಾಗಿ ನೋಡುತ್ತಿವೆ.

ಹಾಗಾಗಿ ಸರ್‌ಗೆ ಕೊಟ್ಟ ಉತ್ತರ ಇದು. ಇಷ್ಟು ಜಾಸ್ತಿ ಎಫಿಶಿಯೆನ್ಸಿ ಇರುವ ಮಷೀನ್‌ನಲ್ಲಿ ಲೋಡ್ ಟೆಸ್ಟ್ ಎಫಿಶಿಯೆನ್ಸಿ ಅಳೆಯಲು ಒಳ್ಳೆಯ ದಾರಿಯಲ್ಲ. ವೋಲ್ಟೇಜ್ ಎಷ್ಟು ಇಳಿಯುತ್ತದೆ, ಎಷ್ಟು ಬಿಸಿಯಾಗುತ್ತದೆ ಅನ್ನುವುದನ್ನು ನೋಡಲು ಅದು ಬೇಕೇ ಬೇಕು. ಎಫಿಶಿಯೆನ್ಸಿಯ ಮಟ್ಟಿಗೆ ಮಾತ್ರ ಓಸಿ-ಎಸ್‌ಸಿ ಲೆಕ್ಕವೇ ಹೆಚ್ಚು ನಂಬಿಕಸ್ತ, ಲೋಡ್ ಟೆಸ್ಟ್ ಅದಕ್ಕೆ ಸಾಕ್ಷಿ ಹೇಳಬಹುದು ಅಷ್ಟೇ.

ಒಂದು ಸಣ್ಣ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಓಪನ್ ಸರ್ಕ್ಯೂಟ್‌ನ 28 ವ್ಯಾಟ್‌ನಲ್ಲಿ ವೋಲ್ಟ್‌ಮೀಟರ್ ತಿನ್ನುವ ಪವರ್ ಕೂಡ ಸೇರಿದೆ. ಮೂವಿಂಗ್ ಐರನ್ ವೋಲ್ಟ್‌ಮೀಟರ್ ಡಿಜಿಟಲ್ ಮೀಟರ್ ಥರ ಅಲ್ಲ, ಅದಕ್ಕೂ ಕರೆಂಟ್ ಬೇಕು. ವೋಲ್ಟೇಜ್ ಸರಿಯಾಗಿ ಇಟ್ಟ ಮೇಲೆ ವೋಲ್ಟ್‌ಮೀಟರ್‌ನ ಒಂದು ತಂತಿ ಬಿಚ್ಚಿ ನೋಡಿದರೆ ವ್ಯಾಟ್‌ಮೀಟರ್ 3 ವ್ಯಾಟ್ ಇಳಿಯಿತು. ಟ್ರಾನ್ಸ್‌ಫಾರ್ಮರ್‌ನದ್ದೇ ಆದ ಐರನ್ ಲಾಸ್ ಅಂದರೆ 25ರ ಹತ್ತಿರ. ಹೋಲಿಕೆಯಲ್ಲಿ ಮಾತ್ರ 28ನ್ನೇ ಉಳಿಸಿಕೊಂಡೆವು, ಯಾಕೆಂದರೆ ಲೋಡ್ ಟೆಸ್ಟ್ ನಡೆಯುವಾಗಲೂ ಅದೇ ವೋಲ್ಟ್‌ಮೀಟರ್ ಸೆಕೆಂಡರಿ ಮೇಲೆ ಕೂತು ಅಷ್ಟೇ ತಿನ್ನುತ್ತಿತ್ತು.

ಫುಲ್ ಲೋಡ್‌ನ ಕಥೆ ಬೇರೆ

ಫುಲ್ ಲೋಡ್‌ನಲ್ಲಿ ಅಳೆದ ಲಾಸ್ 80 ವ್ಯಾಟ್, ಲೆಕ್ಕದ್ದು 74. ಇಲ್ಲಿ ಆಮೀಟರ್ ಮೇಲೆ ದೂರು ಹೇಳುವುದು ಕಷ್ಟ. ಪ್ರೈಮರಿ ಕರೆಂಟ್ 4.5ರ ಹತ್ತಿರ ಇತ್ತು. 8.7ರ ಅರ್ಧ 4.35, ಅದಕ್ಕೆ ನೋ-ಲೋಡ್ ಕರೆಂಟ್ ಅನ್ನು ಅದರ ಫೇಸ್ ಕೋನದ ಸಮೇತ ಸೇರಿಸಿದರೆ 4.48 ಬರಬೇಕು. ಅಂದರೆ ಸ್ಕೇಲ್‌ನ ಮೇಲಿನ ತುದಿಯಲ್ಲಿ ಹಳೆಯ ಆಮೀಟರ್ ಸರಿಯಾಗಿಯೇ ಓದುತ್ತಿತ್ತು.

ನಮಗೆ ಹೊಳೆದದ್ದು ಬಿಸಿ. ಶಾರ್ಟ್ ಸರ್ಕ್ಯೂಟ್ ಟೆಸ್ಟ್ ಮಾಡಿದಾಗ ಟ್ರಾನ್ಸ್‌ಫಾರ್ಮರ್ ಬೆಳಗ್ಗೆಯಿಂದ ಸುಮ್ನೆ ನಿಂತಿತ್ತು, ಕೋಣೆಯ 28 ಡಿಗ್ರಿಯಲ್ಲೇ ಇತ್ತು. ಟೆಸ್ಟ್ ಮುಗಿಯಲು ಒಂದೆರಡು ನಿಮಿಷ ಸಾಕು, ಅಷ್ಟರಲ್ಲಿ ಅದು ಬಿಸಿಯಾಗುವುದಿಲ್ಲ. ಫುಲ್ ಲೋಡ್ ರೀಡಿಂಗ್ ತೆಗೆದದ್ದು ಗಂಟೆಯ ಹತ್ತಿರ ಓಡಿದ ಮೇಲೆ, ಮೇಲೆ ಕೈ ಇಟ್ಟರೆ ಹೆಚ್ಚು ಹೊತ್ತು ಇಡಲು ಆಗುತ್ತಿರಲಿಲ್ಲ. ತಾಮ್ರ ಬಿಸಿಯಾದರೆ ಅದರ ರೆಸಿಸ್ಟೆನ್ಸ್ ಏರುತ್ತದೆ, ಕಾಪರ್ ಲಾಸ್ ಅದರ ಜೊತೆಗೇ ಏರುತ್ತದೆ.

ಆದರೆ ಆರು ವ್ಯಾಟ್ ವ್ಯತ್ಯಾಸ ಮೀಟರ್‌ಗಳ ಅನುಮಾನದ ಒಳಗೇ ಇದೆಯಲ್ಲ, ಬಿಸಿಯೇ ಕಾರಣ ಅಂತ ಲೋಡ್ ಟೆಸ್ಟ್‌ನಿಂದ ಸಾಬೀತು ಮಾಡಲು ಆಗುವುದಿಲ್ಲ. ಬಿಸಿಯನ್ನು ಬೇರೆಯಾಗಿಯೇ ಅಳೆಯಬೇಕು. ಒಳಗಿನ ಸುತ್ತಿಗೆ ಥರ್ಮಾಮೀಟರ್ ತಾಗಿಸಲು ಆಗದು, ಸುತ್ತಿನ ರೆಸಿಸ್ಟೆನ್ಸ್ ಅನ್ನೇ ಥರ್ಮಾಮೀಟರ್ ಮಾಡಿಕೊಳ್ಳಬಹುದು. ಮಲ್ಟಿಮೀಟರ್ ಇದಕ್ಕೆ ಬಾರದು. ಒಂದು ಓಮ್ ಅಳೆಯುವಾಗ ಅದರ ವೈರಿನದ್ದೇ 0.2, 0.3 ಓಮ್ ಇರುತ್ತದೆ. ಹಾಗಾಗಿ ಬ್ಯಾಟರಿಯಿಂದ ರಿಯೊಸ್ಟಾಟ್ ಮೂಲಕ 230 ವೋಲ್ಟ್ ಸುತ್ತಿಗೆ ಸರಿಯಾಗಿ 1 ಆಂಪಿಯರ್ ಡಿಸಿ ಹರಿಸಿ, ಸುತ್ತಿನ ಟರ್ಮಿನಲ್ ಮೇಲೆಯೇ ವೋಲ್ಟೇಜ್ ಓದಿದೆವು. ತಣ್ಣಗಿದ್ದಾಗ 1.18 ವೋಲ್ಟ್. ಲೋಡ್ ತೆಗೆದು ಸಪ್ಲೈ ಬಿಚ್ಚಿದ ಕೂಡಲೇ ಮತ್ತೆ ಓದಿದಾಗ 1.32 ವೋಲ್ಟ್. ಇದನ್ನು ಮಾಡುವವರು ಒಂದು ಎಚ್ಚರಿಕೆ ಇಟ್ಟುಕೊಳ್ಳಿ: ಡಿಸಿ ಕತ್ತರಿಸುವ ಮೊದಲು ವೋಲ್ಟ್‌ಮೀಟರ್ ಬಿಚ್ಚಿಬಿಡಬೇಕು, ಸುತ್ತಿನಲ್ಲಿ ಶೇಖರವಾದ ಎನರ್ಜಿ ಒಮ್ಮೆಗೇ ದೊಡ್ಡ ವೋಲ್ಟೇಜ್ ಆಗಿ ಹೊಡೆಯುತ್ತದೆ. ಬರಿಗೈಯಲ್ಲಿ ಟರ್ಮಿನಲ್ ಹಿಡಿದಿರಲೂಬಾರದು.

```
1.32 / 1.18 = 1.119
T = (234.5 + 28) * 1.119 - 234.5 = 59
```

234.5 ಅನ್ನುವುದು ತಾಮ್ರಕ್ಕೆ ಬಳಸುವ ಸ್ಥಿರಾಂಕ. ಸುತ್ತು ಸರಾಸರಿ 59 ಡಿಗ್ರಿಗೆ ಏರಿತ್ತು. 46 ವ್ಯಾಟ್ ಅನ್ನು 1.12ರಿಂದ ಗುಣಿಸಿದರೆ 51.5. ಐರನ್ ಲಾಸ್ ಸೇರಿಸಿ 79.5. ಬಿಸಿ ಸೇರಿಸಿದ ಲೆಕ್ಕದ ಎಫಿಶಿಯೆನ್ಸಿ 92.3, ಅಳೆದದ್ದು 92.2.

ಇಷ್ಟು ಹತ್ತಿರ ಬಂದದ್ದು ನೋಡಿ ಖುಷಿ ಆಯಿತು. ಆದರೆ ಮೀಟರ್‌ಗಳು ಅಷ್ಟು ನಿಖರ ಅಂತ ಇದರಿಂದ ಹೇಳಲು ಬರುವುದಿಲ್ಲ. ಇನ್ನೊಂದು ದಿನ ಮಾಡಿದರೆ ಅಳೆದದ್ದು 91 ಬಂದೀತು, 94 ಬಂದೀತು, ಆಗಲೂ ಯಾವ ಮೀಟರ್ ಕೂಡ ತನ್ನ ಕ್ಲಾಸ್ ಮೀರಿರುವುದಿಲ್ಲ. ಗಟ್ಟಿಯಾಗಿ ಹೇಳಬಹುದಾದ್ದು ಎರಡು: ಸುತ್ತು 59 ಡಿಗ್ರಿಗೆ ಏರಿತ್ತು, ಕಾಪರ್ ಲಾಸ್ 12 ಶೇಕಡಾ ಜಾಸ್ತಿ ಆಗಿತ್ತು. ಪವರ್ ಟ್ರಾನ್ಸ್‌ಫಾರ್ಮರ್‌ಗಳ ಐಎಸ್ 2026 ಮಾನದಂಡದಲ್ಲಿ ಲಾಸ್ ಅನ್ನು 75 ಡಿಗ್ರಿಗೆ ಬದಲಾಯಿಸಿ ಹೇಳಬೇಕು ಅನ್ನುವುದು ಯಾಕೆ ಅಂತ ಆಗ ಅರ್ಥವಾಯಿತು. ನಮ್ಮದನ್ನು 75ಕ್ಕೆ ತಂದರೆ ಕಾಪರ್ ಲಾಸ್ 54 ವ್ಯಾಟ್ ಆಗುತ್ತದೆ. ತಣ್ಣಗಿನ 46 ಇಟ್ಟುಕೊಂಡು ಎಫಿಶಿಯೆನ್ಸಿ ಹೇಳಿದರೆ ಟ್ರಾನ್ಸ್‌ಫಾರ್ಮರ್ ಕೆಲಸ ಮಾಡದೇ ಇರುವ ಸ್ಥಿತಿಯ ಎಫಿಶಿಯೆನ್ಸಿ ಹೇಳಿದ ಹಾಗೆ.

ರೆಕಾರ್ಡ್‌ನಲ್ಲಿ ಬರೆದ ಕನ್‌ಕ್ಲೂಷನ್

ಕೊನೆಗೆ ರೆಕಾರ್ಡ್‌ಗೆ ಇಳಿಸಿದ್ದು ಹೀಗಿದೆ:

> ಫುಲ್ ಲೋಡ್‌ನಲ್ಲಿ ಅಳೆದ ಎಫಿಶಿಯೆನ್ಸಿ 92.2 ಶೇಕಡಾ. ಓಸಿ-ಎಸ್‌ಸಿ ಟೆಸ್ಟ್‌ನಿಂದ ಅದೇ ಔಟ್‌ಪುಟ್‌ಗೆ ಲೆಕ್ಕ ಹಾಕಿದ್ದು ತಣ್ಣಗಿನ ಸುತ್ತಿಗೆ 92.8, ಅಳೆದ 59 ಡಿಗ್ರಿಗೆ 92.3. ಅರ್ಧ ಲೋಡ್‌ನಲ್ಲಿ 10 ಆಂಪಿಯರ್ ಆಮೀಟರ್ ಬಳಸಿದಾಗ 95.7 ಬಂದಿದ್ದು, ಅದರ ಲಾಸ್ 22 ವ್ಯಾಟ್ ನೋ-ಲೋಡ್ ಲಾಸ್ 28 ವ್ಯಾಟ್‌ಗಿಂತ ಕಡಿಮೆ ಇರುವುದರಿಂದ ಈ ರೀಡಿಂಗ್ ಒಪ್ಪುವಂಥದ್ದಲ್ಲ. 5 ಆಂಪಿಯರ್ ಆಮೀಟರ್ ಬಳಸಿದಾಗ 93.1, ಲೆಕ್ಕದ್ದು 92.5. ಈ ಮೀಟರ್‌ಗಳಿಂದ ಅರ್ಧ ಲೋಡ್‌ನ ಅಳೆದ ಎಫಿಶಿಯೆನ್ಸಿಯಲ್ಲಿ ಗರಿಷ್ಠ 4 ಶೇಕಡಾ, ಲೆಕ್ಕದ ಎಫಿಶಿಯೆನ್ಸಿಯಲ್ಲಿ ಸುಮಾರು 0.3 ಶೇಕಡಾ ಅನಿಶ್ಚಿತತೆ ಇದೆ. ಈ ಮಿತಿಯೊಳಗೆ ಎರಡೂ ವಿಧಾನಗಳು ಹೊಂದುತ್ತವೆ. ಎಫಿಶಿಯೆನ್ಸಿಗೆ ಲೆಕ್ಕದ ಬೆಲೆಯನ್ನೇ ತೆಗೆದುಕೊಳ್ಳಬೇಕು.

ವೈವಾದಲ್ಲಿ ಎಕ್ಸ್‌ಟರ್ನಲ್ ಆಗಿ ಬಂದಿದ್ದ ಮೇಡಂ ಇದನ್ನು ಓದಿ, ಹಾಗಾದರೆ ಫುಲ್ ಲೋಡ್‌ನಲ್ಲಿ ಬಿಸಿಯಾದ ಸ್ಥಿತಿಯ ಲಾಸ್ ಅನ್ನೇ ನೇರವಾಗಿ ಅಳೆಯಲು ಆಗುವುದಿಲ್ಲವಾ ಅಂತ ಕೇಳಿದರು. ಆಗುತ್ತದೆ, ಸಂಪ್ನರ್ ಟೆಸ್ಟ್‌ನಲ್ಲಿ. ಒಂದೇ ಥರದ ಎರಡು ಟ್ರಾನ್ಸ್‌ಫಾರ್ಮರ್ ಬೇಕು, ನಮ್ಮ ಲ್ಯಾಬ್‌ನಲ್ಲಿ ಇವೆ. ಎರಡರ ಪ್ರೈಮರಿಗಳನ್ನು ಪ್ಯಾರಲಲ್ ಆಗಿ 230ಕ್ಕೆ ಕೊಟ್ಟು, ಸೆಕೆಂಡರಿಗಳನ್ನು ಎದುರುಬದುರು ಸೀರೀಸ್ ಮಾಡಬೇಕು. ಸೀರೀಸ್ ಮುಚ್ಚುವ ಮೊದಲು ತೆರೆದ ತುದಿಗಳ ನಡುವೆ 0–300 ವೋಲ್ಟ್‌ಮೀಟರ್ ಇಟ್ಟರೆ ಸೊನ್ನೆ ತೋರಿಸಬೇಕು. 230 ತೋರಿಸಿದರೆ ಒಂದು ಸೆಕೆಂಡರಿಯನ್ನು ತಿರುಗಿಸಿ ಜೋಡಿಸಬೇಕು. ಆಮೇಲೆ ಆ ಸೆಕೆಂಡರಿ ಸರ್ಕ್ಯೂಟ್‌ಗೆ ಇನ್ನೊಂದು ಡಿಮ್ಮರ್‌ಸ್ಟಾಟ್‌ನಿಂದ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಮೂಲಕ ಸಣ್ಣ ವೋಲ್ಟೇಜ್ ಕೊಟ್ಟು 8.7 ಆಂಪಿಯರ್ ಹರಿಸಬೇಕು. ಪ್ರೈಮರಿ ಕಡೆಯ ವ್ಯಾಟ್‌ಮೀಟರ್ ಎರಡರ ಐರನ್ ಲಾಸ್ ತೋರಿಸುತ್ತದೆ, ಸೆಕೆಂಡರಿ ಕಡೆಯದು ಎರಡರ ಕಾಪರ್ ಲಾಸ್. ಮೇನ್ಸ್‌ನಿಂದ ಎಳೆಯುವುದು ನೂರೈವತ್ತು ವ್ಯಾಟ್‌ನ ಆಸುಪಾಸು ಮಾತ್ರ, ಆದರೂ ಎರಡೂ ಟ್ರಾನ್ಸ್‌ಫಾರ್ಮರ್ ಫುಲ್ ಲೋಡ್‌ನಲ್ಲಿ ಇದ್ದಷ್ಟೇ ಬಿಸಿಯಾಗುತ್ತವೆ. ಎಷ್ಟು ಹೊತ್ತು ಬೇಕಾದರೂ ಓಡಿಸಿ, ಕಾಪರ್ ಲಾಸ್ ಏರುತ್ತಾ ಏರುತ್ತಾ ಎಲ್ಲಿ ನಿಲ್ಲುತ್ತದೆ ಅಂತ ಕೂತು ನೋಡಬಹುದು. ಸರ್ ಹತ್ತಿರ ಮಾತಾಡಿ ಒಂದು ಶನಿವಾರ ಮಧ್ಯಾಹ್ನ ಲ್ಯಾಬ್ ಕೇಳಿದ್ದೇವೆ. ಈ ಸಲ ಸ್ಟೋರ್‌ನಿಂದ ಮೀಟರ್ ತರುವಾಗ ಮೊದಲು ನೋಡುವುದು ಡಯಲ್‌ನ ಮೂಲೆಯ ಕ್ಲಾಸ್, ಆಮೇಲೆ ರೇಂಜ್.